ಮೂಗಿನ ಸ್ಟಿರಾಯ್ಡ್ ಸ್ಪ್ರೇ: ಔಷಧಿ ಬದಲಿಸುವ ಮೊದಲು ಕೈ ಬದಲಿಸಿ ನೋಡಿ

ಪ್ರಶ್ನೆ: ನನಗೆ 34 ವರ್ಷ. ಅಲರ್ಜಿಯಿಂದಾಗಿ ಬೆಳಿಗ್ಗೆ ಎದ್ದ ಕೂಡಲೇ ಸಾಲು ಸಾಲಾಗಿ ಸೀನು ಬರುತ್ತದೆ, ರಾತ್ರಿ ಮೂಗು ಕಟ್ಟುತ್ತದೆ. ವೈದ್ಯರು ಮೊಮೆಟಾಸೋನ್ ಸ್ಪ್ರೇ ಬರೆದುಕೊಟ್ಟು, ದಿನಕ್ಕೊಮ್ಮೆ ಎರಡೂ ಹೊಳ್ಳೆಗೆ ಎರಡೆರಡು ಸಲ ಹಾಕಿಕೊಳ್ಳಿ ಎಂದರು. ಎರಡೂವರೆ ತಿಂಗಳಾದರೂ ಹೇಳಿಕೊಳ್ಳುವಂಥ ಗುಣ ಕಂಡಿಲ್ಲ. ಹಾಕಿಕೊಂಡ ಕೂಡಲೇ ಔಷಧಿ ಗಂಟಲಿಗೆ ಇಳಿಯುತ್ತದೆ. ಬಲಗಡೆಯ ಮೂಗಿನಲ್ಲಿ ಆಗಾಗ ರಕ್ತದ ಗೆರೆ ಕಾಣುತ್ತದೆ. ಮೊದಲ ಬಾಟಲಿಯೇ ಇನ್ನೂ ಮುಗಿದಿಲ್ಲ. ಈ ಔಷಧಿ ನನಗೆ ಒಗ್ಗುತ್ತಿಲ್ಲವೇ? ಬೇರೆಯದಕ್ಕೆ ಬದಲಾಯಿಸಬೇಕೇ?

ಉತ್ತರ: ಸದ್ಯಕ್ಕೆ ಔಷಧಿಯನ್ನು ಬದಲಾಯಿಸುವ ಅಗತ್ಯ ಕಾಣುತ್ತಿಲ್ಲ. ನೀವು ಬರೆದಿರುವ ಮೂರು ಸಣ್ಣ ಸಂಗತಿಗಳು, ಅಂದರೆ ಬಲಗಡೆ ಮಾತ್ರ ಕಾಣುವ ರಕ್ತ, ಗಂಟಲಿಗೆ ಇಳಿಯುವ ಔಷಧಿ ಮತ್ತು ಮುಗಿಯದ ಬಾಟಲಿ, ಮೂರೂ ಒಂದೇ ಕಡೆಗೆ ಬೆರಳು ತೋರಿಸುತ್ತವೆ. ಔಷಧಿ ತಲುಪಬೇಕಾದ ಜಾಗವನ್ನು ತಲುಪುತ್ತಿಲ್ಲ, ತಲುಪಿದ ದಿನಗಳೂ ಸಾಕಷ್ಟಿಲ್ಲ. ನೀವು ಬಲಗೈ ಬಳಸುವವರು ಎಂದು ನಾನು ಊಹಿಸುತ್ತೇನೆ. ಆ ಊಹೆಗೆ ಕಾರಣವೇನೆಂಬುದರಿಂದಲೇ ಆರಂಭಿಸುತ್ತೇನೆ, ಏಕೆಂದರೆ ಅದು ತಿಳಿದರೆ ಉಳಿದ ಅರ್ಧ ವಿಷಯ ತಾನಾಗಿಯೇ ತಿಳಿಯುತ್ತದೆ.

ಮೂಗಿನ ಒಳಭಾಗವನ್ನು ಎರಡು ಕಿರಿದಾದ ಓಣಿಗಳೆಂದು ಭಾವಿಸಿ. ಎರಡರ ನಡುವೆ ಒಂದು ಗೋಡೆಯಿದೆ, ಅದು ಬಹುಮಟ್ಟಿಗೆ ನುಣುಪಾಗಿ, ಚಪ್ಪಟೆಯಾಗಿ ಇರುತ್ತದೆ. ಪ್ರತಿ ಓಣಿಯ ಹೊರಗೋಡೆ, ಅಂದರೆ ಕೆನ್ನೆಯ ಕಡೆಯ ಗೋಡೆ, ಹಾಗಲ್ಲ. ಅಲ್ಲಿಂದ ಮೆತ್ತನೆಯ ಪೊರೆ ಹೊದ್ದ ಮೂಳೆಯ ಮಡಿಕೆಗಳು ಒಂದರ ಮೇಲೊಂದು ಒಳಕ್ಕೆ ಚಾಚಿಕೊಂಡಿರುತ್ತವೆ. ವೈದ್ಯರು ಇವನ್ನು ಟರ್ಬಿನೇಟ್ ಎನ್ನುತ್ತಾರೆ. ಅಲರ್ಜಿಯಾದಾಗ ಊದಿಕೊಂಡು ದಾರಿ ಮುಚ್ಚುವುದು ಮುಖ್ಯವಾಗಿ ಈ ಮಡಿಕೆಗಳೇ, ಅದರಲ್ಲೂ ಕೆಳಗಿನದು. ಆದ್ದರಿಂದ ಔಷಧಿ ಬೀಳಬೇಕಾದದ್ದು ಹೊರಗೋಡೆಯ ಮೇಲೆ. ನಡುಗೋಡೆಯ ಮೇಲೆ ಬಿದ್ದ ಔಷಧಿಯಿಂದ ಪ್ರಯೋಜನ ಕಡಿಮೆ, ತೊಂದರೆಯೇ ಹೆಚ್ಚು. ಆ ಗೋಡೆಯ ಮುಂಭಾಗದಲ್ಲಿ, ಬೆರಳಿನ ತುದಿಗೆ ಎಟುಕುವಷ್ಟು ಸಮೀಪದಲ್ಲಿ, ಸಣ್ಣ ರಕ್ತನಾಳಗಳು ಬಲೆಯಂತೆ ಹೆಣೆದುಕೊಂಡಿರುವ ತೆಳ್ಳನೆಯ ಜಾಗವೊಂದಿದೆ. ಮೂಗಿನಿಂದ ರಕ್ತ ಸೋರುವ ಬಹುಪಾಲು ಪ್ರಸಂಗಗಳಲ್ಲಿ ರಕ್ತ ಬರುವುದು ಇಲ್ಲಿಂದಲೇ. ದಿನವೂ ಅದೇ ಚುಕ್ಕೆಗೆ ಸ್ಪ್ರೇಯ ರಭಸ ತಗುಲಿದರೆ ಪೊರೆ ಒಣಗಿ, ಹಕ್ಕಳೆಗಟ್ಟಿ, ಸೀನಿದಾಗ ಅಥವಾ ಮೂಗು ಒರೆಸಿದಾಗ ಬಿರುಕು ಬಿಟ್ಟು ರಕ್ತದ ಗೆರೆ ಕಾಣಿಸುತ್ತದೆ.

ಈಗ ಕನ್ನಡಿಯ ಮುಂದೆ ನಿಂತು, ಬಲಗೈಯಲ್ಲಿ ಬಾಟಲಿ ಹಿಡಿದು, ಎಂದಿನಂತೆ ಬಲ ಹೊಳ್ಳೆಗೆ ತನ್ನಿ, ಒತ್ತಬೇಡಿ. ನಳಿಗೆಯ ತುದಿ ಎತ್ತ ನೋಡುತ್ತಿದೆ ಎಂದು ಗಮನಿಸಿ. ಮೊಣಕೈ ದೇಹದ ಬಲಬದಿಯಲ್ಲಿ ಇರುವುದರಿಂದ ಬಾಟಲಿಯ ಬುಡ ಬಲಕ್ಕೆ ವಾಲುತ್ತದೆ, ತುದಿ ಎಡಕ್ಕೆ, ಅಂದರೆ ನೇರವಾಗಿ ನಡುಗೋಡೆಯ ಕಡೆಗೆ ತಿರುಗುತ್ತದೆ. ಅದೇ ಕೈಯಿಂದ ಎಡ ಹೊಳ್ಳೆಗೆ ಹಾಕಿಕೊಳ್ಳುವಾಗ ತುದಿ ಮತ್ತೆ ಎಡಕ್ಕೇ ತಿರುಗಿರುತ್ತದೆ, ಆದರೆ ಎಡ ಹೊಳ್ಳೆಯಲ್ಲಿ ಎಡವೆಂದರೆ ಹೊರಗೋಡೆ. ಹೀಗಾಗಿ ಒಂದೇ ಕೈಯಿಂದ ಎರಡೂ ಬದಿಗೆ ಹಾಕಿಕೊಳ್ಳುವ ಬಲಗೈಯವರಲ್ಲಿ ಎಡಬದಿ ಅರಿವಿಲ್ಲದೆಯೇ ಸರಿಯಾಗಿ, ಬಲಬದಿ ಅರಿವಿಲ್ಲದೆಯೇ ತಪ್ಪಾಗಿ ನಡೆಯುತ್ತಿರುತ್ತದೆ. ಎಡಗೈಯವರಲ್ಲಿ ಇದು ತಿರುಗುಮುರುಗಾಗುತ್ತದೆ. ನಿಮ್ಮ ರಕ್ತ ಬಲಗಡೆ ಮಾತ್ರ ಬರುತ್ತಿದೆ ಎಂದಾಗ ನಾನು ಕೈಯ ಬಗ್ಗೆ ಯೋಚಿಸಿದ್ದು ಇದಕ್ಕಾಗಿ.

ಪರಿಹಾರ ಸುಲಭ. ಬಲ ಹೊಳ್ಳೆಗೆ ಎಡಗೈ, ಎಡ ಹೊಳ್ಳೆಗೆ ಬಲಗೈ. ಕೈ ಮುಖವನ್ನು ಅಡ್ಡಲಾಗಿ ದಾಟಿ ಬಂದಾಗ ಮಣಿಕಟ್ಟು ತಾನಾಗಿಯೇ ನಳಿಗೆಯನ್ನು ನಡುಗೋಡೆಯಿಂದ ಹೊರಕ್ಕೆ ತಿರುಗಿಸುತ್ತದೆ, ನೀವು ಪ್ರತಿ ಸಲ ಕೋನ ಲೆಕ್ಕಹಾಕಬೇಕಾಗಿಲ್ಲ. ತುದಿ ಅದೇ ಬದಿಯ ಕಣ್ಣಿನ ಹೊರಮೂಲೆಯ ಕಡೆಗೆ, ಅಥವಾ ಅದೇ ಬದಿಯ ಕಿವಿಯ ಮೇಲ್ತುದಿಯ ಕಡೆಗೆ ನೋಡುತ್ತಿದ್ದರೆ ಸಾಕು. ಹಣೆಯ ಕಡೆಗೆ ನೆಟ್ಟಗೆ ಮೇಲಕ್ಕೆ ಹಿಡಿಯುವುದೂ ತಪ್ಪು, ಏಕೆಂದರೆ ಮೂಗಿನ ಓಣಿ ಹೊರಗಿನಿಂದ ಕಾಣುವ ಮೂಗಿನಂತೆ ಮೇಲ್ಮುಖವಾಗಿ ಹೋಗುವುದಿಲ್ಲ. ಹೊಳ್ಳೆಯನ್ನು ದಾಟಿದ ಮೇಲೆ ಅದು ಬಹುತೇಕ ಅಡ್ಡಲಾಗಿ ತಲೆಯ ಹಿಂಭಾಗದ ಕಡೆಗೆ ಸಾಗುತ್ತದೆ. ನೆಟ್ಟಗೆ ಮೇಲಕ್ಕೆ ಸಿಂಪಡಿಸಿದ ಔಷಧಿ ಮೂಗಿನ ತುದಿಯ ಒಳಭಾಗಕ್ಕೆ ಬಡಿದು ಮರಳಿ ಹನಿಯಾಗಿ ಮೇಲ್ತುಟಿಗೆ ಇಳಿಯುತ್ತದೆ.

ಇನ್ನು ಗಂಟಲಿನ ವಿಷಯ. ಮೊಮೆಟಾಸೋನ್‌ನಂಥ ಸ್ಪ್ರೇಯನ್ನು ಒಮ್ಮೆ ಒತ್ತಿದಾಗ ಹೊರಬರುವ ದ್ರವ ಸುಮಾರು 0.1 ಮಿಲಿಲೀಟರ್, ಅಂದರೆ ಒಂದೆರಡು ಹನಿಯಷ್ಟು. ಅದರಲ್ಲಿ ಇರುವ ಔಷಧಿ 50 ಮೈಕ್ರೋಗ್ರಾಂ. ಇಷ್ಟು ಸ್ವಲ್ಪವೇ ದ್ರವವು ಮೂಗಿನ ಪೊರೆಯ ಮೇಲೆ ತೆಳುವಾಗಿ ಹರಡಿ ಅಲ್ಲಿಯೇ ಕೂರಬೇಕು. ಗಂಟಲಿನಲ್ಲಿ ಔಷಧಿಯ ರುಚಿ ಹತ್ತಿತೆಂದರೆ, ಮೂಗಿಗೆ ಕೊಟ್ಟ ಪಾಲಿನಲ್ಲಿ ದೊಡ್ಡ ಭಾಗ ಮೂಗನ್ನು ದಾಟಿ ಹೊಟ್ಟೆಯ ದಾರಿ ಹಿಡಿಯಿತು ಎಂದರ್ಥ. ಹೊಟ್ಟೆಗೆ ಹೋದ ಔಷಧಿಯಿಂದ ಕೇಡಿಲ್ಲ, ಆದರೆ ಅದು ಮೂಗಿಗೆ ನಷ್ಟವಾದ ಔಷಧಿ. ಹೀಗಾಗುವುದಕ್ಕೆ ಎರಡು ಕಾರಣಗಳು ಸಾಮಾನ್ಯ. ಒಂದು, ತಲೆಯನ್ನು ಹಿಂದಕ್ಕೆ ಚೆಲ್ಲಿ ಮೇಲೆ ನೋಡುತ್ತ ಹಾಕಿಕೊಳ್ಳುವುದು. ಕಣ್ಣಿಗೆ ಹನಿ ಹಾಕುವ ಅಭ್ಯಾಸದಿಂದ ನಮ್ಮ ಕತ್ತು ತಾನಾಗಿಯೇ ಹಿಂದಕ್ಕೆ ಬಾಗುತ್ತದೆ. ಆಗ ಮೂಗಿನ ನೆಲವೇ ಗಂಟಲಿಗೆ ಇಳಿಜಾರಾಗುತ್ತದೆ. ಎರಡು, ಸ್ಪ್ರೇ ಒತ್ತಿದ ಕ್ಷಣ ಸೊರ್ರೆಂದು ಜೋರಾಗಿ ಉಸಿರೆಳೆಯುವುದು. ಔಷಧಿ ಒಳಗೆ ಹೋಗಬೇಕಾದರೆ ಎಳೆಯಲೇಬೇಕು ಎಂದು ಎಲ್ಲರಿಗೂ ಅನ್ನಿಸುತ್ತದೆ. ನಿಜವಾಗಿ ಪಂಪಿನ ಒತ್ತಡವೇ ಔಷಧಿಯನ್ನು ಒಳಕ್ಕೆ ಕಳಿಸುತ್ತದೆ. ಜೋರಾದ ಉಸಿರು ಮಾಡುವುದು ಎರಡೇ ಕೆಲಸ: ಹೊಳ್ಳೆಯ ಒಳಗಿನ ಅತಿ ಕಿರಿದಾದ ಭಾಗವನ್ನು ಇನ್ನಷ್ಟು ಒಳಕ್ಕೆ ಹೀರಿ ದಾರಿಯನ್ನು ಸಣ್ಣದಾಗಿಸುತ್ತದೆ, ದಾಟಿದ ಔಷಧಿಯನ್ನು ನೇರ ಗಂಟಲಿಗೆ ಎಳೆದೊಯ್ಯುತ್ತದೆ. ಹೂವಿನ ಪರಿಮಳವನ್ನು ಮೂಸುವಷ್ಟು ಮೃದುವಾದ ಉಸಿರು ಸಾಕು.

ಅಜೆಲಾಸ್ಟಿನ್ ಎಂಬ ಅಲರ್ಜಿ ಔಷಧಿಯನ್ನೂ ಸೇರಿಸಿದ ಸ್ಪ್ರೇಗಳು ಕೆಲವಿವೆ. ಅವು ಬಹಳ ಕಹಿ. ಅಂಥದನ್ನು ಬಳಸುವವರು ಗಂಟಲಿನ ಕಹಿಯನ್ನೇ ಅಳತೆಗೋಲಾಗಿ ಇಟ್ಟುಕೊಳ್ಳಬಹುದು. ಕಹಿ ಕಡಿಮೆಯಾದಷ್ಟೂ ಕ್ರಮ ಸುಧಾರಿಸುತ್ತಿದೆ ಎಂದು ತಿಳಿಯಬಹುದು.

ಇಲ್ಲಿ ನನ್ನಲ್ಲಿಗೆ ಬಂದಿದ್ದ ಒಬ್ಬ ಶಿಕ್ಷಕಿಯ ವಿಷಯ ಹೇಳಬೇಕು. ಅವರು ಆಗಲೇ ಎರಡು ಬಗೆಯ ಸ್ಟಿರಾಯ್ಡ್ ಸ್ಪ್ರೇ ಬಳಸಿ, ಎರಡೂ ನಿಷ್ಪ್ರಯೋಜಕವೆಂದು ಬಿಟ್ಟಿದ್ದರು. ಮೂರನೆಯದಕ್ಕೆ ಚೀಟಿ ಬರೆಯುವ ಬದಲು, ಚೀಲದಲ್ಲಿದ್ದ ಬಾಟಲಿಯನ್ನು ತೆಗೆಸಿ, ಮನೆಯಲ್ಲಿ ಮಾಡುವಂತೆಯೇ ಮಾಡಿ ತೋರಿಸಿ ಎಂದು ಕೇಳಿದೆ. ಅವರು ಬಾಟಲಿಯನ್ನು ಕುಲುಕಲಿಲ್ಲ. ಕತ್ತನ್ನು ಹಿಂದಕ್ಕೆ ಬಾಗಿಸಿದರು. ನಳಿಗೆಯನ್ನು ಹೋಗುವಷ್ಟೂ ಒಳಕ್ಕೆ ತೂರಿಸಿ, ಬಲಗೈಯಿಂದಲೇ ಎರಡೂ ಬದಿಗೆ ಒತ್ತಿ, ಪ್ರತಿ ಸಲವೂ ಸದ್ದು ಬರುವಂತೆ ಉಸಿರೆಳೆದರು. ಮುಖ ಸಿಂಡರಿಸಿ ನುಂಗಿದರು. ಆಮೇಲೆ ಕರವಸ್ತ್ರ ತೆಗೆದು ಮೂಗನ್ನು ಬಲವಾಗಿ ಸೀಟಿದರು. ಇಡೀ ಕ್ರಿಯೆ ಅರ್ಧ ನಿಮಿಷದಲ್ಲಿ ಮುಗಿಯಿತು. ಕೂಡಲೇ ದೀಪ ಹಾಯಿಸಿ ನೋಡಿದಾಗ, ಬಲಬದಿಯ ನಡುಗೋಡೆಯ ಮುಂಭಾಗದಲ್ಲಿ ಔಷಧಿಯ ಬಿಳಿ ಗೆರೆಯೊಂದು ಕೆಳಕ್ಕೆ ಜಾರುತ್ತಿತ್ತು, ಅದರ ಪಕ್ಕದಲ್ಲೇ ಒಣಗಿದ ಕಂದು ಹಕ್ಕಳೆ ಅಂಟಿಕೊಂಡಿತ್ತು. ಹೊರಗೋಡೆಯ ಊದಿದ ಮಡಿಕೆಯ ಮೇಲೆ ಬಿಳುಪಿನ ಸುಳಿವೇ ಇರಲಿಲ್ಲ. ಎರಡು ವರ್ಷಗಳ ಅವಧಿಯಲ್ಲಿ ಅವರಿಗೆ ಚೀಟಿ ಬರೆದವರು ಹಲವರು, ಬಾಟಲಿ ಹಿಡಿದು ತೋರಿಸಿದವರು ಒಬ್ಬರೂ ಇರಲಿಲ್ಲ. ಇದು ರೋಗಿಯ ತಪ್ಪಲ್ಲ, ನಮ್ಮ ವೃತ್ತಿಯ ತಪ್ಪೆಂದೇ ನಾನು ತಿಳಿಯುತ್ತೇನೆ. ಅವರಿಗೆ ಹೊಸ ಔಷಧಿ ಕೊಡಲಿಲ್ಲ. ಹಕ್ಕಳೆ ವಾಸಿಯಾಗಲು ಬಲಬದಿಗೆ ಕೆಲವು ದಿನ ಬಿಡುವು ಕೊಟ್ಟು, ಎರಡನೆಯ ಸಲ ಬಳಸಿದ್ದ ಅದೇ ಔಷಧಿಯನ್ನು ಕೈ ಬದಲಿಸಿ ಮತ್ತೆ ಆರಂಭಿಸಿದೆವು. ಆರು ವಾರಗಳ ನಂತರ ಬಂದಾಗ ರಾತ್ರಿ ಬಾಯಿ ತೆರೆದು ಮಲಗುವುದು ನಿಂತಿತ್ತು, ಬೆಳಗಿನ ಸೀನು ಒಂದೆರಡಕ್ಕೆ ಇಳಿದಿತ್ತು.

ಅವರಿಗೆ ಅಂದು ಹೇಳಿಕೊಟ್ಟ ಕ್ರಮವನ್ನೇ ನಿಮಗೂ ಹೇಳುತ್ತೇನೆ. ಮೊದಲು ಮೂಗನ್ನು ಮೆಲ್ಲಗೆ ಸೀಟಿ ಸಿಂಬಳವನ್ನು ತೆಗೆಯಿರಿ. ಸಿಂಬಳದ ಮೇಲೆ ಬಿದ್ದ ಔಷಧಿ ಪೊರೆಯನ್ನು ಮುಟ್ಟುವುದೇ ಇಲ್ಲ, ಸಿಂಬಳದ ಜೊತೆಗೇ ಹೊರಟುಹೋಗುತ್ತದೆ. ಉಪ್ಪುನೀರಿನಿಂದ ಮೂಗು ತೊಳೆಯುವ ಅಭ್ಯಾಸವಿದ್ದರೆ ಅದನ್ನು ಸ್ಪ್ರೇಗೆ ಮೊದಲು ಮಾಡಿ, ನೀರು ಇಳಿದುಹೋಗಲು ಹತ್ತು ನಿಮಿಷ ಬಿಡಿ. ಸ್ಪ್ರೇ ಹಾಕಿಕೊಂಡ ಮೇಲೆ ಮೂಗು ತೊಳೆಯುವವರನ್ನೂ ನೋಡಿದ್ದೇನೆ. ಅವರು ಕೊಟ್ಟ ಔಷಧಿಯನ್ನು ತಾವೇ ತೊಳೆದು ಹಾಕುತ್ತಾರೆ.

ಬಾಟಲಿಯನ್ನು ಚೆನ್ನಾಗಿ ಕುಲುಕಿ. ಈ ಔಷಧಿ ನೀರಿನಲ್ಲಿ ಕರಗಿರುವುದಿಲ್ಲ, ಸಣ್ಣ ಕಣಗಳಾಗಿ ತೇಲುತ್ತಿರುತ್ತದೆ. ಒಂದು ದಿನ ಸುಮ್ಮನೆ ಇಟ್ಟರೆ ಕಣಗಳು ತಳಕ್ಕೆ ಇಳಿಯುತ್ತವೆ, ಕುಲುಕದೆ ಒತ್ತಿದರೆ ಒಂದು ದಿನ ತೆಳುವಾದ ನೀರು, ಇನ್ನೊಂದು ದಿನ ಗಟ್ಟಿ ಔಷಧಿ ಬರಬಹುದು. ಹೊಸ ಬಾಟಲಿಯನ್ನು ಮೊದಲ ಸಲ ಬಳಸುವಾಗ ಪಂಪಿನೊಳಗಿನ ಕೊಳವೆಯಲ್ಲಿ ಗಾಳಿ ಮಾತ್ರ ಇರುತ್ತದೆ. ಮಂಜಿನಂಥ ಸಮನಾದ ಸಿಂಚನ ಬರುವವರೆಗೆ ಗಾಳಿಯಲ್ಲಿ ಒತ್ತಬೇಕು. ಔಷಧಿಯನ್ನು ಅನುಸರಿಸಿ ಆರರಿಂದ ಹತ್ತು ಸಲ ಬೇಕಾಗುತ್ತದೆ, ನಿಖರವಾದ ಸಂಖ್ಯೆ ಬಾಟಲಿಯ ಜೊತೆಗಿನ ಕಾಗದದಲ್ಲಿ ಇರುತ್ತದೆ. ಹಲವು ದಿನ ಬಿಟ್ಟು ಮತ್ತೆ ಬಳಸುವಾಗಲೂ ಒಂದೆರಡು ಸಲ ಹೀಗೆ ಒತ್ತಬೇಕು. ಇಲ್ಲದಿದ್ದರೆ ನೀವು ಎಣಿಸಿದ ಮೊದಲ ಎರಡು ಸ್ಪ್ರೇಗಳು ಬರೀ ಗಾಳಿಯಾಗಿರುತ್ತವೆ.

ಆಮೇಲೆ ನೆಟ್ಟಗೆ ನಿಂತು ಅಥವಾ ಕುಳಿತು, ಪಾದವನ್ನು ನೋಡುವ ಹಾಗೆ ತಲೆಯನ್ನು ಸ್ವಲ್ಪವೇ ಮುಂದಕ್ಕೆ ಬಾಗಿಸಿ. ಬಾಟಲಿ ಆದಷ್ಟೂ ನೆಟ್ಟಗಿರಲಿ, ತೀರಾ ಅಡ್ಡಲಾದರೆ ಕೊಳವೆಗೆ ದ್ರವದ ಬದಲು ಗಾಳಿ ಸಿಗುತ್ತದೆ. ಬಲ ಹೊಳ್ಳೆಗೆ ಎಡಗೈಯಿಂದ ನಳಿಗೆಯ ತುದಿಯನ್ನು ಮಾತ್ರ, ಒಂದು ಸೆಂಟಿಮೀಟರಿಗಿಂತ ಹೆಚ್ಚಿಲ್ಲದಷ್ಟು, ಒಳಗಿಡಿ. ತುದಿ ಯಾವ ಗೋಡೆಗೂ ತಾಗಬಾರದು. ಹೊರಮೂಲೆಯ ಕಡೆಗೆ ತಿರುಗಿಸಿ, ಮೆಲ್ಲಗೆ ಉಸಿರು ಒಳಗೆ ತೆಗೆದುಕೊಳ್ಳುತ್ತ, ಪಂಪನ್ನು ತಡೆಯದೆ ಒಂದೇ ಸಲಕ್ಕೆ ಪೂರ್ತಿ ಒತ್ತಿ. ಅರ್ಧ ಒತ್ತಿದರೆ ಮಂಜಿನ ಬದಲು ಹನಿ ಬರುತ್ತದೆ. ಬಾಯಿಯಿಂದ ಉಸಿರು ಬಿಡಿ. ಕೈ ಬದಲಿಸಿ ಎಡಬದಿಗೆ ಹಾಕಿಕೊಳ್ಳಿ. ಎರಡನೆಯ ಸುತ್ತಿನ ಸ್ಪ್ರೇಯನ್ನು ಅರ್ಧ ನಿಮಿಷ ಬಿಟ್ಟು ಹಾಕಿಕೊಂಡರೆ ಮೊದಲನೆಯದು ಹರಡಿಕೊಳ್ಳಲು ಅವಕಾಶವಾಗುತ್ತದೆ, ಒಂದೇ ಬದಿಗೆ ಬೆನ್ನುಬೆನ್ನಿಗೆ ಎರಡು ಸಲ ಒತ್ತಿದರೆ ಹೆಚ್ಚಿನದು ತೊಟ್ಟಿಕ್ಕುತ್ತದೆ. ಇನ್ನೊಂದು ಹೊಳ್ಳೆಯನ್ನು ಬೆರಳಿನಿಂದ ಮುಚ್ಚಿಕೊಳ್ಳಿ ಎಂದು ಕೆಲವು ಸೂಚನಾಪತ್ರಗಳು ಹೇಳುತ್ತವೆ. ಹಾಗೆ ಮಾಡುವವರು ಜೋರಾಗಿ ಉಸಿರೆಳೆಯುವುದನ್ನು ಹೆಚ್ಚಾಗಿ ಕಂಡಿರುವುದರಿಂದ ನಾನು ಅದಕ್ಕೆ ಒತ್ತು ಕೊಡುವುದಿಲ್ಲ, ಮೆಲ್ಲಗೆ ಮುಚ್ಚಿಕೊಂಡು ಮೆಲ್ಲಗೇ ಉಸಿರಾಡುವುದಾದರೆ ಅಡ್ಡಿಯಿಲ್ಲ.

ಹಾಕಿಕೊಂಡ ನಂತರದ ಕಾಲು ಗಂಟೆ ಮುಖ್ಯ. ಮೂಗಿನ ಪೊರೆಯ ಮೇಲೆ ಕಣ್ಣಿಗೆ ಕಾಣದ ರೋಮಗಳು ಸಿಂಬಳದ ಪದರವನ್ನು ಸದಾ ಹಿಂದಕ್ಕೆ, ಗಂಟಲಿನ ಕಡೆಗೆ ತಳ್ಳುತ್ತಿರುತ್ತವೆ, ಆ ಪದರ ಹತ್ತಿಪ್ಪತ್ತು ನಿಮಿಷಗಳಲ್ಲಿ ಹೊಸದಾಗುತ್ತದೆ. ಅಷ್ಟರೊಳಗೆ ಔಷಧಿ ಪೊರೆಯೊಳಕ್ಕೆ ಇಳಿಯಬೇಕು. ಹೀಗಿರುವಾಗ ನಾವಾಗಿಯೇ ಮೂಗು ಸೀಟಿ ಔಷಧಿಯನ್ನು ಹೊರಹಾಕಿದರೆ ಉಳಿಯುವುದೇನು? ಹದಿನೈದು ನಿಮಿಷ ಮೂಗು ಸೀಟಬೇಡಿ. ಹೊಳ್ಳೆಯಿಂದ ಹೊರಗೆ ಇಳಿದದ್ದನ್ನು ಮೇಲಿನಿಂದ ಒರೆಸಿಕೊಳ್ಳಿ, ಅಷ್ಟೇ. ಹಾಕಿಕೊಂಡ ಕೂಡಲೇ ಸೀನು ಬಂದರೆ ಗಾಬರಿಪಟ್ಟು ಇನ್ನೊಂದು ಸಲ ಹಾಕಿಕೊಳ್ಳುವುದು ಬೇಡ.

ಈಗ ನಿಮ್ಮ ಬಾಟಲಿಯ ಲೆಕ್ಕ. ಎರಡೂ ಹೊಳ್ಳೆಗೆ ಎರಡೆರಡು ಎಂದರೆ ದಿನಕ್ಕೆ ನಾಲ್ಕು ಸ್ಪ್ರೇ. ಲೇಬಲ್ಲಿನ ಮೇಲೆ 120 ಎಂದಿದ್ದರೆ ಬಾಟಲಿ 30 ದಿನಕ್ಕೆ, 140 ಎಂದಿದ್ದರೆ 35 ದಿನಕ್ಕೆ ಮುಗಿಯಬೇಕು. ನಿಮ್ಮದು ಎರಡೂವರೆ ತಿಂಗಳಾದರೂ ಮುಗಿದಿಲ್ಲ. 75 ದಿನಗಳಲ್ಲಿ 300 ಸ್ಪ್ರೇ ಬೇಕಾಗಿದ್ದ ಕಡೆ 140ನ್ನೂ ಬಳಸಿಲ್ಲ ಎಂದರೆ, ಅರ್ಧಕ್ಕಿಂತ ಕಡಿಮೆ ಔಷಧಿ ಹೋಗಿದೆ. ಮೂಗು ಹೆಚ್ಚು ಕಟ್ಟಿದ ದಿನ ಹಾಕಿಕೊಂಡು, ಹಗುರವಾದ ದಿನ ಬಿಟ್ಟಿರಬೇಕು, ಇದು ಬಹಳ ಜನರ ಅಭ್ಯಾಸ. ಮೂಗು ಕಟ್ಟಿದಾಗ ಹಾಕಿಕೊಂಡ ಕೂಡಲೇ ತೆರೆಯುವ ಇನ್ನೊಂದು ಜಾತಿಯ ಸ್ಪ್ರೇಯ ಜೊತೆ ಇದನ್ನು ಬೆರೆಸಿಕೊಳ್ಳುವುದರಿಂದ ಈ ತಪ್ಪು ಆಗುತ್ತದೆ.

ಆಕ್ಸಿಮೆಟಾಜೊಲಿನ್, ಕ್ಸೈಲೊಮೆಟಾಜೊಲಿನ್ ಎಂಬ ಹೆಸರಿನ ಆ ಸ್ಪ್ರೇಗಳು ರಕ್ತನಾಳಗಳನ್ನು ಕುಗ್ಗಿಸಿ ಕೆಲವೇ ನಿಮಿಷಗಳಲ್ಲಿ ದಾರಿ ಬಿಡಿಸುತ್ತವೆ. ಸ್ಟಿರಾಯ್ಡ್ ಹಾಗೆ ಕೆಲಸ ಮಾಡುವುದಿಲ್ಲ. ಅದು ಪೊರೆಯ ಜೀವಕೋಶಗಳ ಒಳಹೊಕ್ಕು, ಉರಿಯೂತವನ್ನು ಹುಟ್ಟಿಸುವ ರಾಸಾಯನಿಕಗಳ ತಯಾರಿಕೆಯನ್ನೇ ತಗ್ಗಿಸುತ್ತದೆ. ಕೆಲವರಿಗೆ ಮೊದಲ ದಿನವೇ ಸ್ವಲ್ಪ ಹಗುರವೆನಿಸಬಹುದಾದರೂ, ಪೂರ್ತಿ ಫಲ ಕಾಣಲು ಒಂದೂ ದಿನ ಬಿಡದೆ ಎರಡು ವಾರ ಬಳಸಬೇಕಾಗುತ್ತದೆ. ಮಧ್ಯೆ ಮಧ್ಯೆ ಬಿಟ್ಟರೆ ತಗ್ಗಿದ ಉರಿಯೂತ ಮತ್ತೆ ತಲೆಯೆತ್ತುತ್ತದೆ. ವರ್ಷದ ಒಂದು ನಿರ್ದಿಷ್ಟ ಕಾಲದಲ್ಲಿ ಮಾತ್ರ ಅಲರ್ಜಿ ಕಾಡುವವರು ಆ ಕಾಲಕ್ಕೆ ಎರಡು ವಾರ ಮೊದಲೇ ಆರಂಭಿಸುವುದು ಒಳ್ಳೆಯದು. ನಿಮ್ಮದು ದಿನನಿತ್ಯದ ತೊಂದರೆಯಾಗಿರುವುದರಿಂದ, ಹಲ್ಲುಜ್ಜುವ ಬ್ರಷ್ಷಿನ ಪಕ್ಕದಲ್ಲೇ ಬಾಟಲಿಯನ್ನಿಟ್ಟು, ಆರಂಭಿಸಿದ ದಿನಾಂಕವನ್ನು ಅದರ ಮೇಲೆ ಬರೆಯಿರಿ. ಲೆಕ್ಕದ ದಿನಕ್ಕೆ ಬಾಟಲಿ ಮುಗಿಯದಿದ್ದರೆ ಎಲ್ಲೋ ತಪ್ಪಿದೆ ಎಂದು ಅದೇ ಹೇಳುತ್ತದೆ. ಲೇಬಲ್ಲಿನ ಸಂಖ್ಯೆ ಮುಗಿದ ಮೇಲೂ ತಳದಲ್ಲಿ ಸ್ವಲ್ಪ ದ್ರವ ಕಾಣುತ್ತದೆ, ಅದನ್ನು ಬಳಸಬೇಡಿ, ಆಮೇಲಿನ ಸ್ಪ್ರೇಗಳಲ್ಲಿ ಪೂರ್ತಿ ಪ್ರಮಾಣ ಬರುವುದಿಲ್ಲ.

ಮೂಗು ಪೂರ್ತಿ ಕಟ್ಟಿ ಸ್ಪ್ರೇ ಒಳಕ್ಕೇ ಹೋಗದಂತಿದ್ದರೆ, ವೈದ್ಯರನ್ನು ಕೇಳಿ ಮೊದಲ ಕೆಲವು ದಿನ ಮಾತ್ರ ದಾರಿ ಬಿಡಿಸುವ ಸ್ಪ್ರೇಯನ್ನು ಮೊದಲು ಹಾಕಿಕೊಂಡು, ಹತ್ತು ನಿಮಿಷದ ನಂತರ ಸ್ಟಿರಾಯ್ಡ್ ಹಾಕಿಕೊಳ್ಳಬಹುದು. ಆದರೆ ದಾರಿ ಬಿಡಿಸುವ ಆ ಸ್ಪ್ರೇಯನ್ನು ಮೂರರಿಂದ ಐದು ದಿನಕ್ಕಿಂತ ಹೆಚ್ಚು ಮುಂದುವರಿಸಬಾರದು. ಮುಂದುವರಿಸಿದರೆ ಅದರ ಪ್ರಭಾವ ಇಳಿದಾಗಲೆಲ್ಲ ಮೂಗು ಮೊದಲಿಗಿಂತ ಹೆಚ್ಚು ಕಟ್ಟಿ, ಅದಿಲ್ಲದೆ ಉಸಿರಾಡಲಾಗದ ಸ್ಥಿತಿ ಬರುತ್ತದೆ. ನಿಮ್ಮ ಮನೆಯಲ್ಲಿ ಎರಡು ಬಗೆಯ ಬಾಟಲಿಗಳಿದ್ದರೆ ಯಾವುದು ಯಾವುದೆಂದು ಹೆಸರು ಓದಿ ಖಚಿತಪಡಿಸಿಕೊಳ್ಳಿ.

ದಿನ ಬಿಟ್ಟು ದಿನ ಹಾಕಿಕೊಳ್ಳುವುದಕ್ಕೆ ಸ್ಟಿರಾಯ್ಡ್ ಎಂಬ ಹೆಸರಿನ ಭಯವೂ ಕಾರಣವಾಗಿರಬಹುದು. ಮಾತ್ರೆಯಾಗಿ ನುಂಗುವ ಸ್ಟಿರಾಯ್ಡಿನ ಅಳತೆ ಮಿಲಿಗ್ರಾಂ ಲೆಕ್ಕದಲ್ಲಿ ಇರುತ್ತದೆ. ನಿಮ್ಮ ಸ್ಪ್ರೇಯ ದಿನದ ಪೂರ್ತಿ ಪ್ರಮಾಣ 200 ಮೈಕ್ರೋಗ್ರಾಂ, ಅಂದರೆ ಒಂದು ಮಿಲಿಗ್ರಾಮಿನ ಐದರಲ್ಲೊಂದು ಭಾಗ. ಮೊಮೆಟಾಸೋನ್ ಮತ್ತು ಫ್ಲುಟಿಕಾಸೋನ್‌ನಂಥ ಔಷಧಿಗಳಲ್ಲಿ ನುಂಗಿಹೋದ ಪಾಲನ್ನು ಯಕೃತ್ತು ಬಹುತೇಕ ನಿಷ್ಕ್ರಿಯಗೊಳಿಸುವುದರಿಂದ ರಕ್ತಕ್ಕೆ ಸೇರುವುದು ತೀರಾ ಅಲ್ಪ. ಆದರೂ ಗ್ಲಾಕೋಮಾ ಇರುವವರು, ಆಸ್ತಮಾಕ್ಕೆ ಇನ್‌ಹೇಲರಿನಲ್ಲಿಯೂ ಸ್ಟಿರಾಯ್ಡ್ ತೆಗೆದುಕೊಳ್ಳುವವರು, ಎಚ್‌ಐವಿ ಚಿಕಿತ್ಸೆಯಲ್ಲಿ ರಿಟೊನಾವಿರ್ ಸೇವಿಸುವವರು ಮತ್ತು ತಿಂಗಳುಗಟ್ಟಲೆ ಬಳಸಬೇಕಾದ ಮಕ್ಕಳ ಪೋಷಕರು ಇದನ್ನು ವೈದ್ಯರಿಗೆ ತಪ್ಪದೆ ತಿಳಿಸಬೇಕು. ರಿಟೊನಾವಿರ್ ಈ ಔಷಧಿ ಕರಗಿಹೋಗುವುದನ್ನು ತಡೆದು ದೇಹದಲ್ಲಿ ಶೇಖರವಾಗುವಂತೆ ಮಾಡುತ್ತದೆ. ಮಕ್ಕಳಲ್ಲಿ ಕಡಿಮೆ ಪ್ರಮಾಣ ಸಾಕಾಗುತ್ತದೆ, ಅವರ ಎತ್ತರವನ್ನು ಆಗಾಗ ಅಳೆದು ನೋಡುತ್ತೇವೆ.

ನಳಿಗೆಯ ಬಗ್ಗೆ ಒಂದು ಮಾತು. ಒಣಗಿದ ಔಷಧಿ ರಂಧ್ರದಲ್ಲಿ ಕಟ್ಟಿಕೊಂಡು ಸಿಂಚನ ಒಂದು ಬದಿಗೆ ವಾಲಿದಾಗ ಪಿನ್ನಿನಿಂದ ಚುಚ್ಚಬೇಡಿ. ರಂಧ್ರ ದೊಡ್ಡದಾದರೆ ಮಂಜಿನ ಬದಲು ಒಂದೇ ಗೆರೆಯ ಧಾರೆ ಬರುತ್ತದೆ, ಆ ಧಾರೆ ಪೊರೆಗೆ ಚುಚ್ಚಿದಂತೆ ತಗುಲುತ್ತದೆ. ನಳಿಗೆಯನ್ನು ಬಿಚ್ಚಿ ಬೆಚ್ಚನೆಯ ನೀರಿನಲ್ಲಿ ತೊಳೆದು, ಪೂರ್ತಿ ಒಣಗಿಸಿ, ಮರಳಿ ಜೋಡಿಸಿ, ಗಾಳಿಯಲ್ಲಿ ಒತ್ತಿ ನೋಡಿ. ಬಾಟಲಿಯನ್ನು ಮನೆಯ ಬೇರೆಯವರೊಂದಿಗೆ ಹಂಚಿಕೊಳ್ಳಬೇಡಿ.

ನೀವು ಈಗ ಮಾಡಬೇಕಾದದ್ದು ಇಷ್ಟು. ಬಲಬದಿಗೆ ಸ್ಪ್ರೇಯನ್ನು ಮೂರ್ನಾಲ್ಕು ದಿನ ನಿಲ್ಲಿಸಿ, ದಿನಕ್ಕೆ ಎರಡು ಮೂರು ಸಲ ಉಪ್ಪುನೀರಿನ ಹನಿಗಳನ್ನು ಹಾಕಿ, ಹಕ್ಕಳೆಯನ್ನು ಬೆರಳಿನಿಂದ ಕೀಳದೆ ಬಿಡಿ. ಎಡಬದಿಯನ್ನು ಬಲಗೈಯಿಂದಲೇ ಮುಂದುವರಿಸಿ. ರಕ್ತ ನಿಂತ ಮೇಲೆ ಬಲಬದಿಯನ್ನು ಎಡಗೈಯಿಂದ ಮತ್ತೆ ಆರಂಭಿಸಿ. ಒಂದು ವೇಳೆ ರಕ್ತ ಸುರಿಯತೊಡಗಿದರೆ, ಮುಂದಕ್ಕೆ ಬಾಗಿ, ಮೂಗಿನ ಮೆತ್ತನೆಯ ಕೆಳಭಾಗವನ್ನು ಎರಡು ಬೆರಳಿನಿಂದ ಬಿಗಿಯಾಗಿ ಹತ್ತರಿಂದ ಹದಿನೈದು ನಿಮಿಷ ಬಿಡದೆ ಒತ್ತಿ ಹಿಡಿಯಿರಿ, ಬಾಯಿಯಿಂದ ಉಸಿರಾಡಿ. ಆದರೂ ನಿಲ್ಲದಿದ್ದರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು.

ನಾನು ಕೈಯ ಮೇಲೆ ಅನುಮಾನಪಟ್ಟಿದ್ದೇನೆಂದು ಒಂದೇ ಬದಿಯ ರಕ್ತವನ್ನೆಲ್ಲ ಕೈಯ ತಪ್ಪೆಂದು ಬಿಡುವಂತಿಲ್ಲ. ಕೈ ಬದಲಿಸಿ ಎರಡು ವಾರವಾದರೂ ಅದೇ ಬದಿಯಿಂದ ರಕ್ತ ಬರುತ್ತಿದ್ದರೆ, ಆ ಬದಿ ಮಾತ್ರ ಸದಾ ಕಟ್ಟಿರುತ್ತಿದ್ದರೆ, ಕೆಟ್ಟ ವಾಸನೆಯ ಸಿಂಬಳ ಬಂದರೆ, ಅಥವಾ ಉಸಿರಾಡುವಾಗ ಮೂಗಿನಲ್ಲಿ ಸಿಳ್ಳೆಯಂಥ ಸದ್ದು ಹೊಸದಾಗಿ ಕೇಳಿಸಿದರೆ, ಕಿವಿ ಮೂಗು ಗಂಟಲು ತಜ್ಞರು ಎಂಡೋಸ್ಕೋಪಿನಿಂದ ಒಳಗೆ ನೋಡಲೇಬೇಕು. ಸಿಳ್ಳೆಯ ಸದ್ದು ನಡುಗೋಡೆಯಲ್ಲಿ ರಂಧ್ರವಾಗಿರುವುದರ ಗುರುತಾಗಿರಬಹುದು. ಅದು ಅಪರೂಪ, ಆದರೆ ವರ್ಷಗಟ್ಟಲೆ ಗೋಡೆಗೇ ಗುರಿಯಿಟ್ಟು ಸಿಂಪಡಿಸಿದವರಲ್ಲಿ ಆಗುವುದುಂಟು.

ಕ್ರಮ ಸರಿಯಾಗಿದ್ದರೂ ಸ್ಪ್ರೇ ಸೋಲುವ ಸಂದರ್ಭಗಳಿವೆ. ನಡುಗೋಡೆ ತೀರಾ ಒಂದು ಬದಿಗೆ ಬಾಗಿದ್ದರೆ ಔಷಧಿ ಆ ತಿರುವನ್ನು ದಾಟುವುದಿಲ್ಲ. ಪಾಲಿಪ್ ಎಂಬ ಮೆತ್ತನೆಯ ಗಂಟುಗಳು ಮೂಗಿನೊಳಗೆ ದೊಡ್ಡದಾಗಿ ಬೆಳೆದಿದ್ದರೆ ಅವುಗಳ ಮುಂಭಾಗಕ್ಕಷ್ಟೇ ತಾಗಿ ನಿಲ್ಲುತ್ತದೆ. ಅಲರ್ಜಿಯೇ ಅಲ್ಲದ, ಚಳಿಗಾಳಿ ಅಥವಾ ಘಾಟು ವಾಸನೆಗೆ ನೀರು ಸುರಿಯುವ ಮೂಗಿಗೆ ಇದರ ಪ್ರಯೋಜನ ಕಡಿಮೆ. ಆದರೆ ಕಾರಣ ಇವುಗಳಲ್ಲೊಂದು ಎಂದು ತೀರ್ಮಾನಿಸುವ ಮೊದಲು, ಈಗ ಹೇಳಿದ ರೀತಿಯಲ್ಲಿ ಒಂದೂ ದಿನ ಬಿಡದೆ ನಾಲ್ಕು ವಾರ ಬಳಸಿರಬೇಕು. ಆ ನಾಲ್ಕು ವಾರಗಳಲ್ಲಿ ಬೆಳಿಗ್ಗೆ ಎಷ್ಟು ಸೀನು ಬಂತು, ರಾತ್ರಿ ಎಷ್ಟು ಸಲ ಮೂಗು ಕಟ್ಟಿ ಎಚ್ಚರವಾಯಿತು ಎಂದು ಎರಡೇ ಅಂಕಿಗಳನ್ನು ದಿನವೂ ಬರೆದಿಡಿ. ನಾಲ್ಕನೆಯ ವಾರದ ಅಂಕಿಗಳು ಮೊದಲ ವಾರದವುಗಳಿಗಿಂತ ಇಳಿಯದಿದ್ದರೆ, ಆ ಹಾಳೆಯನ್ನೂ ಬಾಟಲಿಯನ್ನೂ ತೆಗೆದುಕೊಂಡು ನಿಮ್ಮ ವೈದ್ಯರಲ್ಲಿಗೆ ಹೋಗಿ, ಅವರ ಮುಂದೆಯೇ ಒಮ್ಮೆ ಹಾಕಿಕೊಂಡು ತೋರಿಸಿ.